ಒಂದೇ ಚಾನೆಲ್, ಎರಡು ವಿಡಿಯೋ: ಒಂದನ್ನು ಜನ ಹುಡುಕಿ ಬರುತ್ತಾರೆ, ಇನ್ನೊಂದು ತಾನಾಗಿ ಕಾಣುತ್ತದೆ. ಶೀರ್ಷಿಕೆ ಹೇಗಿಡಬೇಕು?

ಆಳಂದದ ತೊಗರಿ ಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕು. 3 ವರ್ಷದಿಂದ ಯೂಟ್ಯೂಬ್‌ನಲ್ಲಿ ಕೃಷಿ ಚಾನೆಲ್ ನಡೆಸುತ್ತಿದ್ದೇನೆ. ಹೆಚ್ಚಾಗಿ ತೊಗರಿ, ನಡುವೆ ಕಡಲೆ, ಜೋಳ.

ಹೋದ ವರ್ಷ ಆಗಸ್ಟ್ ಮೊದಲ ವಾರದಲ್ಲಿ ಒಂದು ವಿಡಿಯೋ ಹಾಕಿದ್ದೆ. ಶೀರ್ಷಿಕೆ: "ತೊಗರಿ ನೆಟೆ ರೋಗ: ಗುರುತಿಸುವುದು ಹೇಗೆ, ಏನು ಮಾಡಬೇಕು". ಗಿಡದ ಬುಡ ಸೀಳಿ, ಒಳಗೆ ಕಂದು ಗೆರೆ ಹೇಗೆ ಕಾಣುತ್ತದೆ ಅಂತ ತೋರಿಸಿದ್ದೇನೆ. ದಿನಕ್ಕೆ 60, 65 ವ್ಯೂಸ್ ಬರುತ್ತಿತ್ತು. ಜಾಸ್ತಿ ಅಲ್ಲ, ಆದರೆ ನಿಲ್ಲುತ್ತಲೂ ಇರಲಿಲ್ಲ.

ಈ ವರ್ಷ ಸೆಪ್ಟೆಂಬರ್‌ನಲ್ಲಿ ಪರಿಚಯದವರೊಬ್ಬರು "ಇಂಥ ಸಪ್ಪೆ ಶೀರ್ಷಿಕೆಗೆ ಯಾರು ಕ್ಲಿಕ್ ಮಾಡುತ್ತಾರೆ, ಕುತೂಹಲ ಹುಟ್ಟಬೇಕು" ಅಂದರು. ಸೆಪ್ಟೆಂಬರ್ 20ಕ್ಕೆ ಬದಲಿಸಿದೆ. "ನೋಡ ನೋಡುತ್ತಲೇ ಒಣಗಿತು ಹೊಲ! ಈ ತಪ್ಪು ನೀವು ಮಾಡಬೇಡಿ". ಈಗ ದಿನಕ್ಕೆ 35 ವ್ಯೂಸ್ ಬಂದರೆ ಹೆಚ್ಚು.

ಇನ್ನೊಂದು ವಿಡಿಯೋದ ಕಥೆ ಉಲ್ಟಾ. ಜನವರಿಯಲ್ಲಿ ಹಾಕಿದ "ತೊಗರಿ ರಾಶಿ ಮಾಡುವ ವಿಧಾನ". ಮೊದಲ ವಾರದಲ್ಲೇ 6 ಸಾವಿರ ದಾಟಿತು, ನಂತರ ಪೂರ್ತಿ ತಣ್ಣಗಾಯಿತು. ಅದಕ್ಕೆ ನಾನು ಸಪ್ಪೆ ಶೀರ್ಷಿಕೆಯನ್ನೇ ಇಟ್ಟಿದ್ದೆ. ಹಾಗಾದರೆ ಶೀರ್ಷಿಕೆಗೂ ವ್ಯೂಸ್‌ಗೂ ಸಂಬಂಧ ಇದೆಯೋ ಇಲ್ಲವೋ? ತಿಳಿದವರು ಹೇಳಿ.

ಸೇಡಂ ರೋಡ್

ಅಣ್ಣ, ಎರಡೂ ವಿಡಿಯೋದ ಸಿಟಿಆರ್, ಅಂದರೆ ನೂರು ಸಲ ಕಂಡರೆ ಎಷ್ಟು ಸಲ ಒತ್ತಿದರು ಅನ್ನುವುದು, ಎಷ್ಟಿದೆ ನೋಡಿ ಹೇಳಿ. ಕ್ಲಿಕ್ ಶೇಕಡಾ ಕಡಿಮೆ ಇದ್ದರೆ ಶೀರ್ಷಿಕೆ ಕೆಟ್ಟದ್ದು, ಜಾಸ್ತಿ ಇದ್ದರೆ ಒಳ್ಳೆಯದು. ಅಷ್ಟೇ.

ಆಳಂದದ ತೊಗರಿ ಹೊಲ

ನೆಟೆ ರೋಗದ್ದು ಮೊದಲು ಸುಮಾರು ಶೇ. 8 ಇತ್ತು, ಈಗ 5 ಆಗಿದೆ. ರಾಶಿ ವಿಡಿಯೋದ್ದು ಮೊದಲ ವಾರ ಶೇ. 3.1.

ಸೇಡಂ ರೋಡ್

ಹಾಗಾದರೆ ರಾಶಿ ವಿಡಿಯೋದ ಶೀರ್ಷಿಕೆ ತೀರಾ ಕೆಟ್ಟದ್ದು ಅಂತಾಯಿತು. ಮೊದಲು ಅದನ್ನು ಬದಲಿಸಿ.

ಬಸವಕಲ್ಯಾಣದ ಎಡಿಟರ್

ನಾನು ಬೀದರ್ ಕಡೆಯ 4 ಚಾನೆಲ್‌ಗಳಿಗೆ ಎಡಿಟಿಂಗ್ ಮಾಡಿಕೊಡುತ್ತೇನೆ. ಅಪ್‌ಲೋಡ್, ಶೀರ್ಷಿಕೆ, ಲೆಕ್ಕ ನೋಡುವುದು ಎಲ್ಲಾ ನನ್ನ ಕೆಲಸವೇ.

ಸೇಡಂ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಒಂದೇ ವಿಡಿಯೋದ ಸಿಟಿಆರ್ 8ರಿಂದ 5ಕ್ಕೆ ಬಿದ್ದರೆ ಏನೋ ಆಗಿದೆ ಅಂತ ಅರ್ಥ. ಆದರೆ ಒಂದು ವಿಡಿಯೋದ 8 ಮತ್ತು ಇನ್ನೊಂದರ 3.1 ಪಕ್ಕದಲ್ಲಿಟ್ಟು ತೂಗಲು ಬರುವುದಿಲ್ಲ. "ತೊಗರಿ ನೆಟೆ ರೋಗ" ಅಂತ ಟೈಪ್ ಮಾಡಿದವನ ಹೊಲದಲ್ಲಿ ಆಗಲೇ ಗಿಡ ಒಣಗುತ್ತಿದೆ. ಅವನು ಉತ್ತರ ಬೇಕು ಅಂತಲೇ ಬಂದಿದ್ದಾನೆ, ಕ್ಲಿಕ್ ಮಾಡುತ್ತಾನೆ. ರಾಶಿ ವಿಡಿಯೋ ಕಂಡವನು ಊಟ ಮುಗಿಸಿ ಮೊಬೈಲ್ ತೆರೆದವನು. ಅವನು ಏನನ್ನೂ ಕೇಳಿಲ್ಲ. ಅವನ ಮುಂದೆ ಹತ್ತು ವಿಡಿಯೋ ಇವೆ, ಅದರಲ್ಲಿ ನಿಮ್ಮದೂ ಒಂದು. ಅಲ್ಲಿ ನೂರಕ್ಕೆ ಮೂವರು ಒತ್ತಿದರೂ ಕೆಟ್ಟದ್ದಲ್ಲ. ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳ ಸಿಟಿಆರ್ ಶೇ. 2ರಿಂದ 10ರ ನಡುವೆ ಇರುತ್ತದೆ ಅಂತ ಯೂಟ್ಯೂಬ್‌ನ ಸಹಾಯ ಪುಟದಲ್ಲೇ ಇದೆ. ಹೊಸ ಹೊಸ ಜನರಿಗೆ ತೋರಿಸಿದಷ್ಟೂ ಅದು ಇಳಿಯುವುದು ಸಹಜ.

ಆಳಂದದ ಅಣ್ಣ, ಮೊದಲು ಜನ ಎಲ್ಲಿಂದ ಬಂದರು ಅಂತ ನೋಡಬೇಕು. ಯೂಟ್ಯೂಬ್ ಸ್ಟುಡಿಯೋ ಕಂಪ್ಯೂಟರ್‌ನಲ್ಲಿ ತೆರೆಯಿರಿ, ಮೊಬೈಲ್ ಆ್ಯಪ್‌ನಲ್ಲಿ ಪೂರ್ತಿ ಸಿಗುವುದಿಲ್ಲ. ಆ ವಿಡಿಯೋ ಆರಿಸಿ, Analytics, ಅದರಲ್ಲಿ Reach. How viewers find this video ಅಂತ ಒಂದು ಡಬ್ಬಿ ಇರುತ್ತದೆ. ಅದರ ಕೆಳಗಿನ See more ಒತ್ತಿ. YouTube search, Browse features, Suggested videos, External ಅಂತ ಸಾಲು ಸಾಲಾಗಿ ಬರುತ್ತದೆ. ಬ್ರೌಸ್ ಅಂದರೆ ಯೂಟ್ಯೂಬ್ ತೆರೆದಾಗ ತಾನಾಗಿ ಕಂಡದ್ದು, ಸಜೆಸ್ಟೆಡ್ ಅಂದರೆ ಬೇರೆ ವಿಡಿಯೋ ಪಕ್ಕದಲ್ಲಿ ಕಂಡದ್ದು. External ಬಿಟ್ಟು ಈ ಸಾಲುಗಳಿಗೆ ಬೇರೆ ಬೇರೆ ಇಂಪ್ರೆಶನ್, ಅಂದರೆ ಎಷ್ಟು ಸಲ ಜನರಿಗೆ ಕಂಡಿತು ಅನ್ನುವ ಲೆಕ್ಕ, ಬೇರೆ ಸಿಟಿಆರ್.

ತಾರೀಖು ಹೀಗೆ ಇಡಿ: ಶೀರ್ಷಿಕೆ ಬದಲಿಸುವ ಹಿಂದಿನ 28 ದಿನ ಒಂದು, ಬದಲಿಸಿದ ನಂತರದ 28 ದಿನ ಇನ್ನೊಂದು. 28 ಇಟ್ಟರೆ ಎರಡರಲ್ಲೂ ನಾಲ್ಕು ನಾಲ್ಕು ಭಾನುವಾರ ಬರುತ್ತವೆ, ಹೋಲಿಕೆ ಸರಿಯಾಗುತ್ತದೆ. ಕೊನೆಯ ಎರಡು ದಿನದ ಅಂಕಿ ಪೂರ್ತಿ ಬಂದಿರುವುದಿಲ್ಲ, ಅದನ್ನು ಬಿಟ್ಟುಬಿಡಿ.

ಯಾದಗಿರಿ ಅಡುಗೆಮನೆ

ನನ್ನದೂ ಇದೇ ತೊಂದರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲಾ ಹಾಕುತ್ತೇನೆ. ಟ್ಯಾಗ್ ಜಾಗದಲ್ಲಿ ಎಲ್ಲಾ ಹೆಸರೂ ತುಂಬಿದರೆ ಹುಡುಕಿದವರಿಗೆ ಸಿಗುತ್ತದೆ ಅಲ್ವಾ? ಶೀರ್ಷಿಕೆ ಯಾಕೆ ಮುಟ್ಟಬೇಕು?

ಬಸವಕಲ್ಯಾಣದ ಎಡಿಟರ್

ಅಕ್ಕಾ, ಟ್ಯಾಗ್‌ನಿಂದ ಆಗುವ ಕೆಲಸ ಬಹಳ ಕಡಿಮೆ. ಜನ ಸಾಮಾನ್ಯವಾಗಿ ತಪ್ಪು ಬರೆಯುವ ಪದ ಇದ್ದರೆ ಅಷ್ಟರ ಮಟ್ಟಿಗೆ ಉಪಯೋಗ. ಯೂಟ್ಯೂಬ್ ಕೂಡ ಅದನ್ನೇ ಹೇಳುತ್ತದೆ. ಅದೂ ಅಲ್ಲದೆ ಟ್ಯಾಗ್ ನೋಡುವವನ ಕಣ್ಣಿಗೆ ಬೀಳುವುದೇ ಇಲ್ಲ. ಹುಡುಕಿದವನ ಮುಂದೆ ಐದಾರು ವಿಡಿಯೋ ಬಂದಾಗ ಅವನು ಓದುವುದು ಶೀರ್ಷಿಕೆಯನ್ನು.

ಆಳಂದದ ತೊಗರಿ ಹೊಲ

ಕಂಪ್ಯೂಟರ್ ಅಂಗಡಿಗೆ ಹೋಗಿ ಕೂತು ಬರೆದುಕೊಂಡು ಬಂದೆ. ನೆಟೆ ರೋಗದ ವಿಡಿಯೋ ಹೀಗಿದೆ.

ಬದಲಿಸುವ ಮುಂಚಿನ 28 ದಿನ, ಒಟ್ಟು 1,820 ವ್ಯೂಸ್. ಸರ್ಚ್‌ನಿಂದ 1,310, ಸಜೆಸ್ಟೆಡ್ 270, ಬ್ರೌಸ್ 90, ಹೊರಗಿನಿಂದ 150. ಹೊರಗಿನದು ಬಹುತೇಕ ವಾಟ್ಸ್‌ಆ್ಯಪ್.

ನಂತರದ 28 ದಿನ, ಒಟ್ಟು 980. ಸರ್ಚ್‌ನಿಂದ 520, ಸಜೆಸ್ಟೆಡ್ 230, ಬ್ರೌಸ್ 110, ಹೊರಗಿನಿಂದ 120.

ಸರ್ಚ್ ಸಾಲಿನಲ್ಲಿ ಮಾತ್ರ ನೋಡಿದರೆ ಇಂಪ್ರೆಶನ್ 14,200 ಇದ್ದದ್ದು 9,400 ಆಗಿದೆ. ಸಿಟಿಆರ್ 9 ಇದ್ದದ್ದು 5.4.

ಬಸವಕಲ್ಯಾಣದ ಎಡಿಟರ್

ನೋಡಿ, ಬಿದ್ದದ್ದು 840 ವ್ಯೂಸ್. ಅದರಲ್ಲಿ 790 ಸರ್ಚ್‌ನದೇ. ಉಳಿದ ಕಡೆ ಹೆಚ್ಚು ಕಡಿಮೆ ಮೊದಲಿನಂತೆಯೇ ಇದೆ. ಕುತೂಹಲದ ಶೀರ್ಷಿಕೆಯಿಂದ ಬ್ರೌಸ್‌ನಲ್ಲಿ ಸಿಕ್ಕ ಲಾಭ 20 ವ್ಯೂಸ್.

ಸರ್ಚ್‌ನಲ್ಲಿ ಎರಡು ಕಡೆ ಪೆಟ್ಟು ಬಿದ್ದಿದೆ, ಎರಡೂ ಬೇರೆ ಬೇರೆ. ಇಂಪ್ರೆಶನ್ ಇಳಿದದ್ದು ಅಂದರೆ, ಹುಡುಕಿದವರಿಗೆ ನಿಮ್ಮ ವಿಡಿಯೋ ತೋರುವುದೇ ಕಡಿಮೆಯಾಯಿತು. ಹೊಸ ಶೀರ್ಷಿಕೆಯಲ್ಲಿ ತೊಗರಿ ಅನ್ನುವ ಪದವೂ ಇಲ್ಲ, ನೆಟೆ ಅನ್ನುವುದೂ ಇಲ್ಲ. ಸಿಟಿಆರ್ ಇಳಿದದ್ದು ಅಂದರೆ, ಕಂಡವರೂ ಒತ್ತಲಿಲ್ಲ. ತೊಗರಿಗೆ ಉತ್ತರ ಹುಡುಕುವವನಿಗೆ "ಈ ತಪ್ಪು" ಅಂದರೆ ಯಾವ ತಪ್ಪು, ಯಾವ ಬೆಳೆ ಅಂತ ತಿಳಿಯಲಿಲ್ಲ. ಮುಂದಿನ ವಿಡಿಯೋಗೆ ಹೋದ.

ಆಳಂದದ ತೊಗರಿ ಹೊಲ

ನೀವು ಹೇಳಿದ ಮೇಲೆ ನೆನಪಾಯಿತು. ಮೊನ್ನೆ ನನ್ನ ಕಡಲೆ ವಿಡಿಯೋದ ಕೆಳಗೆ ಒಬ್ಬರು "ಅಣ್ಣ, ತೊಗರಿ ನೆಟೆ ರೋಗಕ್ಕೆ ಒಂದು ವಿಡಿಯೋ ಮಾಡಿ" ಅಂತ ಬರೆದಿದ್ದರು. ಚಾನೆಲ್‌ನಲ್ಲೇ ಇದೆ, ಅವರಿಗೆ ಕಾಣಿಸಿಲ್ಲ. ಓದಿ ಬಹಳ ಬೇಜಾರಾಯಿತು.

ಸೇಡಂ ರೋಡ್

ಒಂದು ಮಾತು. ಸೀಸನ್ ಕೂಡ ಇರಬಹುದು ಅಲ್ವಾ? ಹುಡುಕುವವರೇ ಕಡಿಮೆಯಾದರೆ ಇಂಪ್ರೆಶನ್ ತಾನಾಗಿ ಇಳಿಯುತ್ತದೆ. ಶೀರ್ಷಿಕೆಯದೇ ತಪ್ಪು ಅಂತ ಹೇಗೆ ಹೇಳುತ್ತೀರಿ?

ಬಸವಕಲ್ಯಾಣದ ಎಡಿಟರ್

ಒಳ್ಳೆ ಪ್ರಶ್ನೆ. ಕೃಷಿ ಚಾನೆಲ್‌ಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ. ಅಣ್ಣ, ಮುಟ್ಟದೇ ಬಿಟ್ಟ ಬೇರೆ ಸರ್ಚ್ ವಿಡಿಯೋ ಯಾವುದಾದರೂ ಇದೆಯಾ?

ಆಳಂದದ ತೊಗರಿ ಹೊಲ

ತೊಗರಿ ಕುಡಿ ಚಿವುಟುವ ವಿಡಿಯೋ ಇದೆ. ಅದೂ ಬಿದ್ದಿದೆ, ಅರ್ಧಕ್ಕಿಂತ ಕೆಳಗೆ.

ಬಸವಕಲ್ಯಾಣದ ಎಡಿಟರ್

ಅದು ಈ ಹೋಲಿಕೆಗೆ ಬರುವುದಿಲ್ಲ. ಕುಡಿ ಚಿವುಟುವುದು ಬಿತ್ತಿ 45, 50 ದಿನಕ್ಕೆ. ಸೆಪ್ಟೆಂಬರ್ ಕೊನೆಗೆ ಅದನ್ನು ಯಾರು ಹುಡುಕುತ್ತಾರೆ? ನೆಟೆ ರೋಗ ಹಾಗಲ್ಲ, ಹೂ ಬಿಡುವ ಹೊತ್ತಿಗೆ, ಕಾಯಿ ಕಟ್ಟುವ ಹೊತ್ತಿಗೆ ಹೆಚ್ಚು ಕಾಣುತ್ತದೆ. ಅದಕ್ಕೆ ಇದೇ ವಿಡಿಯೋದ ಹೋದ ವರ್ಷದ ಇದೇ ವಾರಗಳನ್ನು ನೋಡಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 19, ಆಮೇಲೆ ಅಲ್ಲಿಂದ ಅಕ್ಟೋಬರ್ ನಡುವಿನವರೆಗೆ.

ಆಳಂದದ ತೊಗರಿ ಹೊಲ

ನೋಡಿದೆ. ಹೋದ ವರ್ಷ ಸರ್ಚ್ ವ್ಯೂಸ್ ಮೊದಲ 28 ದಿನ 640, ನಂತರದ 28 ದಿನ 1,010. ಏರಿದೆ.

ಬಸವಕಲ್ಯಾಣದ ಎಡಿಟರ್

ಅಲ್ಲಿಗೆ ಬಹುತೇಕ ಸ್ಪಷ್ಟ. ಏರಬೇಕಾದ ಹೊತ್ತಿನಲ್ಲಿ ಇಳಿದಿದೆ. ಹೋದ ವರ್ಷ ವಿಡಿಯೋ ಹೊಸದು, ಆ ಏರಿಕೆಯಲ್ಲಿ ಸ್ವಲ್ಪ ಅದರದ್ದೂ ಇರುತ್ತದೆ. ಆದರೂ ಸೀಸನ್ ಮುಗಿದು ಬಿತ್ತು ಅನ್ನಲು ಬರುವುದಿಲ್ಲ.

ಈಗ ಮುಖ್ಯವಾದ ಹೆಜ್ಜೆ. ಹಳೆ ಶೀರ್ಷಿಕೆ ಹಾಗೇ ವಾಪಸ್ ಹಾಕಬೇಡಿ. ಆ ಪಟ್ಟಿಯಲ್ಲಿ YouTube search ಮೇಲೆ ಒತ್ತಿದರೆ ಜನ ಏನು ಟೈಪ್ ಮಾಡಿದ್ದರು ಅಂತ ಬರುತ್ತದೆ. ಬಹಳ ಕಡಿಮೆ ಬಂದ ಪದಗಳು ಕಾಣುವುದಿಲ್ಲ, ಆದರೆ ಮೇಲಿನ ಹತ್ತು ಸಾಕು. ಹಳೆ ಶೀರ್ಷಿಕೆ ಇದ್ದಾಗಿನ 28 ದಿನದ ಪಟ್ಟಿ ಹಾಕಿ.

ಆಳಂದದ ತೊಗರಿ ಹೊಲ

ಮೇಲಿನಿಂದ ಹೀಗಿವೆ. ಹೇಗೆ ಇದೆಯೋ ಹಾಗೇ ಬರೆದಿದ್ದೇನೆ.

```
togari nete roga
ತೊಗರಿ ನೆಟೆ ರೋಗ
togari onaguttide
togari gida onagodu
ತೊಗರಿ ಒಣಗುವುದು
togari nete roga aushadhi
```

ಒಣಗುವುದರ ಮೂರೂ ಸೇರಿಸಿದರೆ ನೆಟೆ ರೋಗದ ಎರಡರ ಹತ್ತಿರ ಹತ್ತಿರ ಬರುತ್ತದೆ. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನೆಟೆ ರೋಗ ಅನ್ನುವುದು ಕೃಷಿ ಇಲಾಖೆಯವರ ಬಾಯಲ್ಲಿ ಕೇಳಿ ಕಲಿತ ಪದ. ನಮ್ಮಪ್ಪ ಇವತ್ತಿಗೂ "ಗಿಡ ಒಣಗಾಕತ್ತ್ಯಾವ" ಅಂತಲೇ ಹೇಳುವುದು.

ಬಸವಕಲ್ಯಾಣದ ಎಡಿಟರ್

ನಿಮ್ಮ ಶೀರ್ಷಿಕೆ ಇರುವುದು ಈ ಪಟ್ಟಿಯಲ್ಲೇ. ರೋಗದ ಹೆಸರು ಗೊತ್ತಿರುವವನೂ ಬರುತ್ತಾನೆ, ಹೆಸರು ಗೊತ್ತಿಲ್ಲದೆ ಕಣ್ಣಿಗೆ ಕಂಡದ್ದನ್ನು ಟೈಪ್ ಮಾಡುವವನೂ ಬರುತ್ತಾನೆ. ಇಬ್ಬರಿಗೂ ತಮ್ಮ ಪದ ಕಾಣಬೇಕು. ನಾನಾದರೆ ಹೀಗೆ ಇಡುತ್ತಿದ್ದೆ:

"ತೊಗರಿ ಗಿಡ ಒಣಗುತ್ತಿದೆಯಾ? ನೆಟೆ ರೋಗ ಗುರುತಿಸುವುದು ಹೀಗೆ"

100 ಅಕ್ಷರದವರೆಗೆ ಬರೆಯಬಹುದು, ಆದರೆ ಮೊಬೈಲ್‌ನಲ್ಲಿ ಕೊನೆ ಕತ್ತರಿಸಿ ಹೋಗುತ್ತದೆ. ಬೆಳೆಯ ಹೆಸರು, ಕಷ್ಟ ಎರಡೂ ಮುಂದೆ ಇರಲಿ. ಚಾನೆಲ್ ಹೆಸರು, ಭಾಗ 1, ಭಾಗ 2 ಇಂಥವು ಮುಂದೆ ಬೇಡ.

ಶಹಾಪುರದ ಬೀಜ ಅಂಗಡಿ

ಕೊನೆಯ ಪದ ನೋಡಿ, ಔಷಧಿ. ರೈತರು ನಮ್ಮ ಅಂಗಡಿಗೆ ಬಂದು ಕೇಳುವುದೂ ಅದನ್ನೇ. ಶೀರ್ಷಿಕೆಗೆ "ನೆಟೆ ರೋಗಕ್ಕೆ ಔಷಧಿ" ಅಂತ ಸೇರಿಸಿದರೆ ಇನ್ನೂ ಜಾಸ್ತಿ ಜನ ಬರುತ್ತಾರೆ.

ಆಳಂದದ ತೊಗರಿ ಹೊಲ

ಅದನ್ನು ನಾನು ಮಾಡುವುದಿಲ್ಲ ಸರ್. ನೆಟೆ ಹತ್ತಿ ಒಣಗಿದ ಗಿಡಕ್ಕೆ ಔಷಧಿ ಇಲ್ಲ. ರೋಗ ಮಣ್ಣಿನಲ್ಲಿ ಇರುತ್ತದೆ. ಬಿತ್ತುವಾಗಲೇ ಟ್ರೈಕೋಡರ್ಮಾದಿಂದ ಬೀಜೋಪಚಾರ, ಟಿಎಸ್-3ಆರ್‌ನಂಥ ತಡೆದುಕೊಳ್ಳುವ ತಳಿ, ಬೆಳೆ ಬದಲಾವಣೆ, ದಾರಿ ಇರುವುದು ಇಷ್ಟೇ. ವಿಡಿಯೋದಲ್ಲೂ ಇದನ್ನೇ ಹೇಳಿದ್ದೇನೆ. ಶೀರ್ಷಿಕೆಯಲ್ಲಿ ಔಷಧಿ ಅಂತ ಬರೆದು ಒಳಗೆ ಇಲ್ಲ ಅಂದರೆ ಆ ರೈತ ನನ್ನನ್ನು ಮತ್ತೆ ನಂಬುತ್ತಾನಾ?

ಬಸವಕಲ್ಯಾಣದ ಎಡಿಟರ್

ನಿಮ್ಮ ಮಾತು ಸರಿ. ಲೆಕ್ಕದ ದೃಷ್ಟಿಯಿಂದಲೂ ಸರಿ. ಆ ಪಟ್ಟಿಯಲ್ಲೇ ಪ್ರತಿ ಪದದ ಮುಂದೆ ಸರಾಸರಿ ಎಷ್ಟು ಹೊತ್ತು ನೋಡಿದರು ಅಂತ ಇರುತ್ತದೆ. ಔಷಧಿ ಅಂತ ಹುಡುಕಿ ಬಂದವರು ಎಷ್ಟು ಹೊತ್ತು ಇದ್ದಾರೆ ನೋಡಿ.

ಆಳಂದದ ತೊಗರಿ ಹೊಲ

ಒಣಗುವುದು ಅಂತ ಬಂದವರು 3 ನಿಮಿಷ 20 ಸೆಕೆಂಡ್. ಔಷಧಿ ಅಂತ ಬಂದವರು 1 ನಿಮಿಷ 5 ಸೆಕೆಂಡ್. ವಿಡಿಯೋ ಒಟ್ಟು 7 ನಿಮಿಷದ್ದು.

ಶಹಾಪುರದ ಬೀಜ ಅಂಗಡಿ

ಆದರೂ ನನಗೆ ಒಪ್ಪಿಗೆ ಇಲ್ಲ. "ಔಷಧಿ ಇದೆಯಾ?" ಅಂತ ಪ್ರಶ್ನೆಯಾಗಿ ಇಡಿ. ಮೊದಲ ಅರ್ಧ ನಿಮಿಷದಲ್ಲೇ "ಇಲ್ಲ, ದುಡ್ಡು ಹಾಳು ಮಾಡಬೇಡಿ" ಅಂತ ಹೇಳಿ. ಅವನು ಒಂದೇ ನಿಮಿಷಕ್ಕೆ ಹೋದರೂ ಅವನಿಗೆ ಬೇಕಾದ್ದು ಸಿಕ್ಕಿತು. ಸುಮ್ನೆ ಸಾವಿರಾರು ರೂಪಾಯಿ ಸುರಿಯುವುದು ತಪ್ಪುತ್ತದೆ.

ಬಸವಕಲ್ಯಾಣದ ಎಡಿಟರ್

ಈ ಮಾತು ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಈ ವಿಡಿಯೋ ಬೇಡ, ಬೇರೆಯದೇ ಒಂದು ಎರಡು ನಿಮಿಷದ ವಿಡಿಯೋ ಮಾಡಿದರೆ ಚೆನ್ನ ಅನ್ನಿಸುತ್ತದೆ. ಅಣ್ಣನೇ ತೀರ್ಮಾನಿಸಲಿ.

ಯಾದಗಿರಿ ಅಡುಗೆಮನೆ

ನಾನೂ ನನ್ನ ಪಟ್ಟಿ ತೆಗೆದು ನೋಡಿದೆ. ಜೋಳದ ರೊಟ್ಟಿ ವಿಡಿಯೋಗೆ ಸರ್ಚ್‌ನಿಂದ ಶೇ. 41 ಬಂದಿದೆ! ಹಾಗಾದರೆ ನನ್ನದೂ ಸರ್ಚ್ ವಿಡಿಯೋ. ಶೀರ್ಷಿಕೆಯನ್ನು "ಜೋಳದ ರೊಟ್ಟಿ ಮಾಡುವ ವಿಧಾನ" ಅಂತ ಬದಲಿಸಿಬಿಡಲಾ?

ಬಸವಕಲ್ಯಾಣದ ಎಡಿಟರ್

ಅಕ್ಕಾ, ಸ್ವಲ್ಪ ತಡೆಯಿರಿ. ಸರ್ಚ್ ಮೇಲೆ ಒತ್ತಿ, ಮೇಲೆ ಯಾವ ಪದ ಇದೆ?

ಯಾದಗಿರಿ ಅಡುಗೆಮನೆ

ಮೊದಲ ಮೂರೂ ನನ್ನ ಚಾನೆಲ್ ಹೆಸರೇ. ಬೇರೆ ಬೇರೆ ಥರ ಬರೆದಿದ್ದಾರೆ. ನಾಲ್ಕನೆಯದು jolada rotti, ಅದು ಬಹಳ ಕಡಿಮೆ.

ಬಸವಕಲ್ಯಾಣದ ಎಡಿಟರ್

ಹಾಗಾದರೆ ಅವರು ರೊಟ್ಟಿ ಹುಡುಕಿದವರಲ್ಲ, ನಿಮ್ಮನ್ನು ಹುಡುಕಿದವರು. ನಿಮ್ಮ ಹೆಸರು ಟೈಪ್ ಮಾಡಿ, ಮೇಲೆ ಕಂಡ ವಿಡಿಯೋ ಒತ್ತಿದವರು. ಲೆಕ್ಕದಲ್ಲಿ ಸರ್ಚ್ ಅಂತ ಬಿದ್ದರೂ ಅವರು ನಿಮ್ಮ ಮನೆಯವರಿದ್ದ ಹಾಗೆ. ಶೀರ್ಷಿಕೆಯನ್ನು ಸರ್ಚ್‌ಗಾಗಿ ತಿದ್ದಿದರೆ ಅವರಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ. ನಿಮ್ಮ ಈಗಿನ ಶೀರ್ಷಿಕೆ ಏನು?

ಯಾದಗಿರಿ ಅಡುಗೆಮನೆ

"ಅತ್ತೆ ಬಡಿದ ರೊಟ್ಟಿ ಹರಿಯುವುದೇ ಇಲ್ಲ, ಯಾಕೆ?" ಅಂತ ಇದೆ. ಹಿಟ್ಟಿಗೆ ಕುದಿಯುವ ನೀರು ಹಾಕುವುದರಿಂದ ಹಿಡಿದು ತೋರಿಸಿದ್ದೇನೆ.

ಬಸವಕಲ್ಯಾಣದ ಎಡಿಟರ್

ದಯವಿಟ್ಟು ಅದನ್ನು ಮುಟ್ಟಬೇಡಿ. ಬೇಕಿದ್ದರೆ "ಜೋಳದ" ಅನ್ನುವ ಒಂದು ಪದ ಸೇರಿಸಿ, ಸಾಕು.

ಆಳಂದದ ತೊಗರಿ ಹೊಲ

ಇನ್ನು ರಾಶಿ ವಿಡಿಯೋ. ಮೊದಲ ವಾರ ಇಂಪ್ರೆಶನ್ 1,90,000, ಬಹುಪಾಲು ಬ್ರೌಸ್, ಸ್ವಲ್ಪ ಸಜೆಸ್ಟೆಡ್. ಸರ್ಚ್ ಶೇ. 4 ಮಾತ್ರ. Suggested videos ಒತ್ತಿ ನೋಡಿದರೆ ಯಾವ ಕೃಷಿ ಸಲಹೆಯ ವಿಡಿಯೋನೂ ಇಲ್ಲ. ಎಲ್ಲಾ ಹಳ್ಳಿ ಬದುಕು, ಜಾತ್ರೆ, ಹೊಲದಲ್ಲಿ ಅಡುಗೆ, ಇಂಥ ವಿಡಿಯೋಗಳ ಪಕ್ಕದಲ್ಲಿ ನನ್ನದು ಕಂಡಿದೆ. ಊರುಗಳ ಪಟ್ಟಿಯಲ್ಲಿ ಬೆಂಗಳೂರು ಮೊದಲು, ಆಮೇಲೆ ಹೈದರಾಬಾದ್, ಪುಣೆ.

ಬಸವಕಲ್ಯಾಣದ ಎಡಿಟರ್

ಅಂದರೆ ನೋಡಿದವರು ಬಹಳಷ್ಟು ಜನ ನಮ್ಮ ಕಡೆಯಿಂದ ದುಡಿಯಲು ಹೋದವರು ಇರಬಹುದು. ಅವರಿಗೆ ರಾಶಿ ಮಾಡುವ ವಿಧಾನ ಕಲಿಯಬೇಕಿಲ್ಲ. ಊರಿನ ಕಣ ನೋಡಬೇಕು. ಇಲ್ಲಿ ಇರುವ ರೈತನಿಗೂ ವಿಧಾನ ಗೊತ್ತೇ ಇದೆ, ಅದಕ್ಕೇ ಸರ್ಚ್ ಶೇ. 4. ಈ ಶೀರ್ಷಿಕೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದೆ. ಆ ವಿಡಿಯೋದಲ್ಲಿ ನಿಜವಾಗಿ ಏನಾಗುತ್ತದೆ?

ಆಳಂದದ ತೊಗರಿ ಹೊಲ

11 ಎಕರೆ ತೊಗರಿ. ಮಷಿನ್ ಸಂಜೆ 5ಕ್ಕೆ ಬಂತು, ನಡುವೆ ಬೆಲ್ಟ್ ಹರಿಯಿತು. ಹೊಸ ಬೆಲ್ಟ್ ತರಲು ಅಪ್ಪ ಗಾಡಿ ಹೊಡೆದುಕೊಂಡು ಆಳಂದಕ್ಕೆ ಹೋದರು. ಅವ್ವ ಕಣದಲ್ಲೇ ಎಲ್ಲರಿಗೂ ರೊಟ್ಟಿ, ಝುಣಕ ಕೊಟ್ಟಳು. ಮುಗಿದಾಗ ರಾತ್ರಿ 2 ಗಂಟೆ.

ಯಾದಗಿರಿ ಅಡುಗೆಮನೆ

ಅಯ್ಯೋ, ಇಷ್ಟೆಲ್ಲಾ ಇದೆಯಾ? "ಮಾಡುವ ವಿಧಾನ" ನೋಡಿ ನಾನೂ ಒತ್ತುತ್ತಿರಲಿಲ್ಲ.

ಬಸವಕಲ್ಯಾಣದ ಎಡಿಟರ್

"11 ಎಕರೆ ತೊಗರಿ ರಾಶಿ: ನಡುವೆ ಬೆಲ್ಟ್ ಹರಿಯಿತು, ಮುಗಿದಾಗ ರಾತ್ರಿ 2 ಗಂಟೆ". ಇದರಲ್ಲಿ ಸುಳ್ಳಿಲ್ಲ, ಎಲ್ಲಾ ವಿಡಿಯೋದಲ್ಲೇ ಇದೆ. ವಿಡಿಯೋದ ಮುಖಚಿತ್ರದ ಮೇಲೆ ಮತ್ತೆ ಅದೇ ಅಕ್ಷರ ಬರೆಯಬೇಡಿ. ದೀಪದ ಬೆಳಕಿನಲ್ಲಿ ಕಣ, ಅವ್ವ ರೊಟ್ಟಿ ಕೊಡುವ ಚಿತ್ರ ಇಡಿ. ಬ್ರೌಸ್‌ನಲ್ಲಿ ಕಣ್ಣು ಮೊದಲು ಹೋಗುವುದು ಚಿತ್ರಕ್ಕೆ, ಆಮೇಲೆ ಶೀರ್ಷಿಕೆಗೆ. ಆದರೆ ಹಳೆ ವಿಡಿಯೋ, ಜಾಸ್ತಿ ನಿರೀಕ್ಷೆ ಬೇಡ.

ಸೇಡಂ ರೋಡ್

ನನ್ನದೊಂದು ಪ್ರಶ್ನೆ. ಆ ಪಟ್ಟಿಯಲ್ಲಿ ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದ್ದಾರೆ. ಶೀರ್ಷಿಕೆಯ ಕೊನೆಗೆ Togari Nete Roga ಅಂತ ಸೇರಿಸಬೇಕಾ?

ಬಸವಕಲ್ಯಾಣದ ಎಡಿಟರ್

ಹಳೆ ಶೀರ್ಷಿಕೆ ಪೂರ್ತಿ ಕನ್ನಡ ಅಕ್ಷರದಲ್ಲೇ ಇತ್ತು. ಆದರೂ togari nete roga ಅಂತ ಬರೆದವರಿಗೆ ಅದು ಸಿಕ್ಕಿದೆ, ಪಟ್ಟಿಯೇ ಸಾಕ್ಷಿ. ನಾನು ವಿವರಣೆಯ ಮೊದಲ ಸಾಲಿನಲ್ಲಿ ಹಾಕುತ್ತೇನೆ, ಶೀರ್ಷಿಕೆಯಲ್ಲಿ ಅಲ್ಲ.

ಶಹಾಪುರದ ಬೀಜ ಅಂಗಡಿ

ನಾನು ಎರಡೂ ಹಾಕುತ್ತೇನೆ, ನನಗೆ ಅನುಕೂಲವೇ ಆಗಿದೆ. ಕನ್ನಡ ಓದಲು ತಡವರಿಸುವ ಹುಡುಗರೂ ಇದ್ದಾರೆ, ಇಲ್ಲಿ ಉರ್ದು, ತೆಲುಗು ಮಾತಾಡುವ ರೈತರೂ ಇದ್ದಾರೆ.

ಆಳಂದದ ತೊಗರಿ ಹೊಲ

ನವೆಂಬರ್ ಕೊನೆ. ಏನಾಯಿತು ಅಂತ ಹೇಳಲು ಬಂದೆ.

ನೆಟೆ ರೋಗಕ್ಕೆ "ತೊಗರಿ ಗಿಡ ಒಣಗುತ್ತಿದೆಯಾ?" ಶೀರ್ಷಿಕೆ ಹಾಕಿ 28 ದಿನ ತುಂಬಿತು. ಸರ್ಚ್ ಇಂಪ್ರೆಶನ್ 17,500, ಸಿಟಿಆರ್ 8.6, ಸರ್ಚ್ ವ್ಯೂಸ್ 1,510. ಮೊದಲಿಗಿಂತ ಜಾಸ್ತಿ ಇದೆ, ಆದರೆ ಇದು ರೋಗ ಹೆಚ್ಚು ಕಾಣುವ ತಿಂಗಳು. ಸೀಸನ್‌ನದೆಷ್ಟು, ಶೀರ್ಷಿಕೆಯದೆಷ್ಟು ಅಂತ ಬಿಡಿಸಿ ಹೇಳಲು ನನಗೆ ಆಗುತ್ತಿಲ್ಲ. ಒಂದು ಮಾತ್ರ ಖಾತ್ರಿ. ಪಟ್ಟಿಯಲ್ಲಿ ಈಗ togari onaguttide ಎಲ್ಲದಕ್ಕಿಂತ ಮೇಲಿದೆ.

ರಾಶಿ ವಿಡಿಯೋ ಹೆಚ್ಚೇನೂ ಅಲುಗಾಡಿಲ್ಲ. ಬ್ರೌಸ್‌ನಲ್ಲಿ ವಾರಕ್ಕೆ 700, 800 ಇಂಪ್ರೆಶನ್ ಅಷ್ಟೇ. ಅಷ್ಟರಲ್ಲಿ ಸಿಟಿಆರ್ ನೋಡಿ ಏನೂ ಹೇಳಲು ಬರುವುದಿಲ್ಲ ಅಂತ ಎಡಿಟರ್ ಅಣ್ಣ ಆಗಲೇ ಫೋನಿನಲ್ಲಿ ಹೇಳಿದರು.

ಔಷಧಿ ಇದೆಯಾ ಅನ್ನುವ ಎರಡು ನಿಮಿಷದ ವಿಡಿಯೋ ನಿನ್ನೆ ಹೊಲದಲ್ಲೇ ಮಾಡಿದೆ. ಒಣಗಿದ ಗಿಡವನ್ನು ಕೈಯಲ್ಲಿ ಹಿಡಿದು ಅಪ್ಪನೇ ಮಾತಾಡಿದ್ದಾರೆ. "ಇದಕ್ಕ ಎಣ್ಣಿ ಹೊಡೀಬ್ಯಾಡ್ರಿ, ಹೋಗಿದ್ದು ಹೋಯ್ತು" ಅಂತ ಮೊದಲ ಮಾತೇ ಅದು. ಇವತ್ತು ಸಂಜೆ ಹಾಕುತ್ತೇನೆ. ಶಹಾಪುರದ ಸರ್, ಇದರ ಶೀರ್ಷಿಕೆಯಲ್ಲಿ ಇಂಗ್ಲಿಷ್ ಅಕ್ಷರವನ್ನೂ ಸೇರಿಸಿ ನೋಡುತ್ತೇನೆ. ಅಂಕಿ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.